ಪಿಕ್ ಗ್ಲಾಸಿನಿಂದ ಚಂದ್ರನವರೆಗೆ: ನಡುವಿನ ಬಿಂಬವನ್ನು ಹಿಡಿದರೆ ಲೆಕ್ಕ ಸಿಕ್ಕಂತೆ



ಮಸೂರಗಳ ಪಾಠದ ಕೊನೆಯಲ್ಲಿ ಬರುವ ಸೂಕ್ಷ್ಮದರ್ಶಕ ಮತ್ತು ದೂರದರ್ಶಕದ ಲೆಕ್ಕಗಳೆಂದರೆ ನಿಮ್ಮಲ್ಲಿ ಬಹಳ ಜನರಿಗೆ ತಲೆನೋವು. ಎರಡಕ್ಕೂ ಎರಡೆರಡು ಸೂತ್ರ, ಒಂದರಲ್ಲಿ ಮೇಲಿದ್ದದ್ದು ಇನ್ನೊಂದರಲ್ಲಿ ಕೆಳಗೆ. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಅದಲು ಬದಲಾಗಿರುತ್ತದೆ. ಈ ಲೆಕ್ಕಗಳ ಬಗ್ಗೆ ಬರೆಯೋಣ ಅಂತ ಕೂತಾಗ ನನಗೆ ನೆನಪಾದದ್ದು ಸೂತ್ರವಲ್ಲ, ನಮ್ಮ ಶಾಲೆಯ ಒಂದು ಸಂಜೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಪಾಠ ಹೇಳುವುದು ಗಡಹಿಂಗ್ಲಜ ಕಡೆಯ ಒಂದು ಕನ್ನಡ ಶಾಲೆಯಲ್ಲಿ. ಒಂದು ವರ್ಷ ಹತ್ತನೆಯ ತರಗತಿಯ ಮಕ್ಕಳು ದೂರದರ್ಶಕ ಮಾಡಬೇಕೆಂದು ಹಟ ಹಿಡಿದರು. ಕೊಲ್ಹಾಪುರದ ಚಸ್ಮಾ ಅಂಗಡಿಯಿಂದ +1.00 ನಂಬರಿನ, ಇನ್ನೂ ಫ್ರೇಮಿನ ಅಳತೆಗೆ ಕತ್ತರಿಸದ ದುಂಡನೆಯ ಗಾಜು ಒಂದನ್ನು ತಂದೆವು. ಕಣ್ಣಿನ ಕಡೆಗೆ ಚಿಕ್ಕ ಮಸೂರ ಬೇಕಿತ್ತು. ಒಬ್ಬ ಹುಡುಗನ ಮಾವ ಇಚಲಕರಂಜಿಯಲ್ಲಿ ಪವರ್‌ಲೂಮ್ ಕೆಲಸದವರು. ಅವರ ಹತ್ತಿರ ಹಳೆಯದೊಂದು ಪಿಕ್ ಗ್ಲಾಸ್ ಇತ್ತು, ಅದನ್ನೇ ಕೊಟ್ಟು ಕಳಿಸಿದರು. 75 ಮಿ.ಮೀ. ಪಿವಿಸಿ ಪೈಪಿನ ಒಂದು ತುದಿಗೆ ಚಸ್ಮಾದ ಗಾಜು, ಇನ್ನೊಂದು ತುದಿಗೆ ಪಿಕ್ ಗ್ಲಾಸು. ಪುಸ್ತಕದ ಲೆಕ್ಕದಂತೆ ಎರಡರ ನಡುವೆ ಸರಿಯಾಗಿ 105 ಸೆಂ.ಮೀ. ಬರುವ ಹಾಗೆ ಪೈಪು ಕತ್ತರಿಸಿ, ಎರಡನ್ನೂ ಅಂಟಿಸಿಬಿಟ್ಟೆವು.

ಅಷ್ಟಮಿಯ ಸಂಜೆ. ಅರ್ಧ ಚಂದ್ರ ತಲೆಯ ಮೇಲಿದ್ದ. ಮೊದಲು ನೋಡಿದ ಹುಡುಗ "ಕುಣಿ ಕಾಣಾಕತ್ತಾವ್ರಿ ಸರ್!" ಅಂತ ಕುಣಿದಾಡಿದ. ಒಬ್ಬೊಬ್ಬರಾಗಿ ನೋಡಿದರು, ಎಲ್ಲರಿಗೂ ಖುಷಿ. ಆಮೇಲೆ ಒಬ್ಬ ಹುಡುಗಿ ಬಂದಳು. ದೂರದ್ದು ಕಾಣದ ಕಣ್ಣು, −2 ನಂಬರಿನ ಚಸ್ಮಾ. ಪೈಪಿಗೆ ತಾಗುತ್ತದೆ ಅಂತ ಚಸ್ಮಾ ತೆಗೆದು ನೋಡಿದಳು. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ಹಿಂದೆ ಸರಿದಳು. "ಮಸುಕ್ ಮಸುಕ್ ಐತ್ರಿ ಸರ್. ನನ್ನ ಕಣ್ಣಾಗ ದೋಷ ಐತಲ್ಲ, ನನಗ ಕಾಣೂದಿಲ್ಲ ಬಿಡ್ರಿ" ಅಂದಳು.

ಮರುದಿನ ಹಗಲಿನಲ್ಲಿ ಇನ್ನೊಂದು ಫಜೀತಿ. ಅದೇ ಪೈಪಿನಿಂದ ಶಾಲೆಯ ಎದುರಿನ ಗುಡಿಯ ಕಳಸ ನೋಡಲು ಹೋದರೆ ಯಾರಿಗೂ ಸರಿಯಾಗಿ ಕಾಣಲಿಲ್ಲ. ಚಂದ್ರನ ಕುಣಿ ತೋರಿಸಿದ ದೂರದರ್ಶಕಕ್ಕೆ 50 ಮೀಟರ್ ದೂರದ ಕಳಸ ಕಾಣುವುದಿಲ್ಲ!

ದೋಷ ಆ ಹುಡುಗಿಯ ಕಣ್ಣಿನದಲ್ಲ, ಪೈಪನ್ನು ಅಂಟಿಸಿದ ನಮ್ಮದು. ಎಷ್ಟು ದೋಷ ಎಂಬುದು ನೀವು ಪರೀಕ್ಷೆಗೆ ಮಾಡುವ ಲೆಕ್ಕದಲ್ಲೇ ಸಿಗುತ್ತದೆ. ಅದಕ್ಕೆ ಮೊದಲು ಪಿಕ್ ಗ್ಲಾಸಿನಿಂದ ಶುರು ಮಾಡೋಣ.

ಪಿಕ್ ಗ್ಲಾಸು ಮಾಡುವ ಕೆಲಸ

ಇಚಲಕರಂಜಿಯವರಾದರೆ ನೀವು ಇದನ್ನು ನೋಡಿರುತ್ತೀರಿ. ಮಡಚುವ ಚಿಕ್ಕ ಸ್ಟ್ಯಾಂಡು, ಮೇಲೆ ಒಂದು ಪೀನ ಮಸೂರ, ಕೆಳಗೆ ಒಂದು ಇಂಚಿನ ಚೌಕ ಕಿಂಡಿ. ಬಟ್ಟೆಯ ಮೇಲೆ ಇಟ್ಟು, ಒಂದು ಇಂಚಿನಲ್ಲಿ ಎಷ್ಟು ಎಳೆ ಇವೆ ಎಂದು ಎಣಿಸುತ್ತಾರೆ. ಇಂಚಿಗೆ 80 ಎಳೆಯ ಬಟ್ಟೆ ಅಂದುಕೊಳ್ಳಿ. ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ಅಂತರ 25.4 ಮಿ.ಮೀ. ಭಾಗಿಸು 80, ಅಂದರೆ ಸುಮಾರು 0.32 ಮಿ.ಮೀ. ಬರಿಗಣ್ಣಿಗೆ ಎಳೆ ಕಾಣುತ್ತದೆ, ಆದರೆ ಹತ್ತು ಎಣಿಸುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ.

ಹಾಗಾದರೆ ಬಟ್ಟೆಯನ್ನು ಕಣ್ಣಿನ ಹತ್ತಿರ ತಂದರೆ? ಒಂದು ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅದು ಕಣ್ಣಿನಲ್ಲಿ ಮಾಡುವ ಕೋನದ ಮೇಲೆ ನಿಂತಿದೆ. ಹತ್ತಿರ ತಂದಷ್ಟೂ ಕೋನ ದೊಡ್ಡದು. ಆದರೆ 25 ಸೆಂ.ಮೀ.ಗಿಂತ ಹತ್ತಿರ ತಂದರೆ ಸಾಮಾನ್ಯ ಕಣ್ಣಿಗೆ ಆಯಾಸ, ಇನ್ನೂ ಹತ್ತಿರ ತಂದರೆ ಮಸುಕು. ಅದಕ್ಕೇ ಈ 25 ಸೆಂ.ಮೀ.ಗೆ ಸ್ಪಷ್ಟ ದೃಷ್ಟಿಯ ಕನಿಷ್ಠ ದೂರ ಎಂದು ಹೆಸರು. ಲೆಕ್ಕದಲ್ಲಿ ಇದು D.

ಪಿಕ್ ಗ್ಲಾಸು ಈ ಅಡ್ಡಿಯನ್ನು ದಾಟಿಸುತ್ತದೆ. ನಮ್ಮ ಪಿಕ್ ಗ್ಲಾಸಿನ ಸಂಗಮದೂರ (ಕೆಲವು ಪುಸ್ತಕಗಳಲ್ಲಿ ಇದೇ ನಾಭಿದೂರ) 5 ಸೆಂ.ಮೀ. ಬಟ್ಟೆಯನ್ನು ಸರಿಯಾಗಿ 5 ಸೆಂ.ಮೀ. ದೂರದಲ್ಲಿಟ್ಟರೆ ಅದರಿಂದ ಬಂದ ಕಿರಣಗಳು ಮಸೂರ ದಾಟಿ ಸಮಾಂತರವಾಗಿ ಹೊರಬರುತ್ತವೆ. ಕಣ್ಣು ಆರಾಮವಾಗಿ, ದೂರದ ಬೆಟ್ಟ ನೋಡಿದ ಹಾಗೆ ನೋಡಬಹುದು. 25 ಸೆಂ.ಮೀ.ನಲ್ಲಿ ಇಡಬೇಕಾದ ಬಟ್ಟೆಯನ್ನು 5 ಸೆಂ.ಮೀ.ಗೆ ತಂದಿದ್ದೇವೆ, ಕೋನ 5 ಪಟ್ಟು ಆಯಿತು. ಆದ್ದರಿಂದ

M = D/f = 25/5 = 5

ಬಟ್ಟೆಯನ್ನು ಇನ್ನೂ ತುಸು ಹತ್ತಿರ ತಂದರೆ ಮಿಥ್ಯ ಪ್ರತಿಬಿಂಬ ಅನಂತದಿಂದ ಹತ್ತಿರ ಬಂದು 25 ಸೆಂ.ಮೀ.ನಲ್ಲಿ ನಿಲ್ಲುತ್ತದೆ. ಎಷ್ಟು ಹತ್ತಿರ ತರಬೇಕು? ಪ್ರತಿಬಿಂಬ ವಸ್ತುವಿನ ಕಡೆಗೇ ಇದೆ, ಹಾಗಾಗಿ v = −25.

1/u = 1/v − 1/f = −1/25 − 1/5 = −6/25

u = −4.17 ಸೆಂ.ಮೀ. ಈಗ M = 25/4.17 = 6. ಪುಸ್ತಕದ 1 + D/f ಎಂಬ ಸೂತ್ರವೂ ಇದನ್ನೇ ಹೇಳುತ್ತದೆ.

ಇಲ್ಲೇ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. v = +25 ಅಂತ ಬರೆದರೆ u = −6.25 ಬರುತ್ತದೆ. ಲೆಕ್ಕ ಸಲೀಸಾಗಿ ಬರುವುದರಿಂದ ತಪ್ಪಾಗಿದೆ ಅಂತ ಅನ್ನಿಸುವುದೇ ಇಲ್ಲ. ಕಂಡುಹಿಡಿಯುವ ಉಪಾಯ ಸುಲಭ. ಪೀನ ಮಸೂರವನ್ನು ಹೀಗೆ ಕಣ್ಣಿಗೆ ಹಿಡಿದು ನೋಡುವಾಗ ವಸ್ತು ಸಂಗಮದೂರದ ಒಳಗೆ ಅಥವಾ ಸರಿಯಾಗಿ ಅದರ ಮೇಲೆ ಇರಬೇಕು. 5 ಸೆಂ.ಮೀ. ಮಸೂರಕ್ಕೆ 6.25 ಬಂದರೆ ಚಿಹ್ನೆ ತಪ್ಪಿದೆ ಅಂತಲೇ ಅರ್ಥ.

ಬಟ್ಟೆ ನೋಡುವ ಗಾಜಿನಿಂದ ದೊಡ್ಡ ವಿಜ್ಞಾನ ಹುಟ್ಟಿದ್ದೂ ಉಂಟು. 17ನೆಯ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಲೀವೆನ್‌ಹುಕ್ ಬಟ್ಟೆ ವ್ಯಾಪಾರಿ. ನೂಲು ಪರೀಕ್ಷಿಸಲು ಆ ಕಾಲದ ಬಟ್ಟೆ ವ್ಯಾಪಾರಿಗಳು ಇಂಥ ಗಾಜು ಬಳಸುತ್ತಿದ್ದರು. ಅವನು ತಾನೇ ಪುಟ್ಟ ಪುಟ್ಟ ಮಸೂರ ತಯಾರಿಸಿ, ನೀರಿನ ಹನಿಯಲ್ಲಿದ್ದ ಜೀವಿಗಳನ್ನು ನೋಡಿ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅವನದು ಒಂದೇ ಮಸೂರದ ಉಪಕರಣ. ನಾವು ಎರಡು ಮಸೂರಕ್ಕೆ ಹೋಗೋಣ.

ಎರಡು ಮಸೂರ, ನಡುವೆ ಒಂದು ಬಿಂಬ

ಸಂಯುಕ್ತ ಸೂಕ್ಷ್ಮದರ್ಶಕವಿರಲಿ, ದೂರದರ್ಶಕವಿರಲಿ, ಕಣ್ಣಿನ ಕಡೆ ಇರುವ ನೇತ್ರಮಸೂರ ಒಂದು ಪಿಕ್ ಗ್ಲಾಸು. ಅದು ಮಾಡುವ ಕೆಲಸ ಎರಡರಲ್ಲೂ ಒಂದೇ. ವ್ಯತ್ಯಾಸ ಇಷ್ಟೇ: ಪಿಕ್ ಗ್ಲಾಸಿನ ಕೆಳಗೆ ಬಟ್ಟೆ ಇರುತ್ತದೆ, ಇಲ್ಲಿ ಬಟ್ಟೆಯ ಜಾಗದಲ್ಲಿ ಒಂದು ಬಿಂಬ ಇರುತ್ತದೆ. ಆ ಬಿಂಬವನ್ನು ಕೊಳವೆಯೊಳಗೆ, ಗಾಳಿಯಲ್ಲಿ ತಂದು ನಿಲ್ಲಿಸುವುದು ಎದುರಿನ ವಸ್ತುಮಸೂರದ ಕೆಲಸ. ಅದು ತಲೆಕೆಳಗಾದ ಸತ್ಯ ಪ್ರತಿಬಿಂಬ. ಆ ಜಾಗದಲ್ಲಿ ಒಂದು ತೆಳು ಕಾಗದ ಹಿಡಿದರೆ ಅದರ ಮೇಲೆ ಮೂಡುತ್ತದೆ. ನಾನು ಇದಕ್ಕೆ ನಡುವಿನ ಬಿಂಬ ಅನ್ನುತ್ತೇನೆ.

ಯಾವ ಲೆಕ್ಕ ಕೊಟ್ಟರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ನಡುವಿನ ಬಿಂಬ ಎಲ್ಲಿದೆ, ಎಷ್ಟು ದೊಡ್ಡದು? ಅದು ಸಿಕ್ಕರೆ ಉಳಿದದ್ದು ಪಿಕ್ ಗ್ಲಾಸಿನ ಲೆಕ್ಕ. ಕೆಳಗೆ F ಎಂದರೆ ವಸ್ತುಮಸೂರದ ಸಂಗಮದೂರ, f ಎಂದರೆ ನೇತ್ರಮಸೂರದ್ದು ಎಂದು ತಿಳಿಯಿರಿ.

ಸೂಕ್ಷ್ಮದರ್ಶಕ: ಹತ್ತಿಯ ಎಳೆಯೊಳಗೆ

ಪಿಕ್ ಗ್ಲಾಸಿನಲ್ಲಿ ನೂಲು ಕಂಡಿತು. ಆದರೆ ಒಂದು ನೂಲಿನೊಳಗೆ ನೂರಾರು ನಾರುಗಳು ಹೊಸೆದುಕೊಂಡಿರುತ್ತವೆ. ಹತ್ತಿಯ ಒಂದು ನಾರಿನ ಅಗಲ ಸುಮಾರು 0.015 ಮಿ.ಮೀ. ಬಟ್ಟೆ ಹತ್ತಿಯದೋ ಪಾಲಿಯೆಸ್ಟರಿನದೋ ತಿಳಿಯಬೇಕಾದರೆ ನಾರನ್ನೇ ನೋಡಬೇಕು. ಸೂಕ್ಷ್ಮದರ್ಶಕದಲ್ಲಿ ಹತ್ತಿಯ ನಾರು ತಿರುಚಿದ ರಿಬ್ಬನ್ನಿನ ಹಾಗೆ ಕಾಣುತ್ತದೆ, ಪಾಲಿಯೆಸ್ಟರ್ ಸಾಮಾನ್ಯವಾಗಿ ನುಣುಪಾದ ಗಾಜಿನ ಕಡ್ಡಿಯ ಹಾಗೆ.

F = 1 ಸೆಂ.ಮೀ., f = 5 ಸೆಂ.ಮೀ. ಇರಲಿ. ನಾರು ವಸ್ತುಮಸೂರದಿಂದ 1.1 ಸೆಂ.ಮೀ. ದೂರದಲ್ಲಿದೆ, ಅಂದರೆ ಸಂಗಮದಿಂದ ತುಸುವೇ ಆಚೆ. ನಡುವಿನ ಬಿಂಬ ಎಲ್ಲಿ?

1/v = 1/F + 1/u = 1/1 − 1/1.1 = 1/11

v = 11 ಸೆಂ.ಮೀ. ವಸ್ತುವಿಗಿಂತ ಎಷ್ಟು ಪಟ್ಟು ದೊಡ್ಡದು? 11/1.1 = 10 ಪಟ್ಟು. ನಾರಿನ ನಡುವಿನ ಬಿಂಬ 0.15 ಮಿ.ಮೀ. ಅಗಲವಾಯಿತು. ಈ ಬಿಂಬವನ್ನು 5 ಪಟ್ಟಿನ ಪಿಕ್ ಗ್ಲಾಸಿನಲ್ಲಿ, ಕಣ್ಣಿಗೆ ಆಯಾಸವಿಲ್ಲದಂತೆ ನೋಡುತ್ತೇವೆ. ಒಟ್ಟು M = 10 × 5 = 50. ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ಕೆಳಗಿನ ಮಸೂರದ ಮೇಲೆ 10x, ಮೇಲಿನದರ ಮೇಲೆ 5x ಎಂದು ಕೊರೆದಿರುತ್ತಾರಲ್ಲ, ಆ ಎರಡು ಅಂಕಿಗಳು ಇವೇ.

ಮಸೂರಗಳ ನಡುವಿನ ದೂರ ಎಷ್ಟು? ವಸ್ತುಮಸೂರದಿಂದ ಬಿಂಬಕ್ಕೆ 11, ಬಿಂಬದಿಂದ ನೇತ್ರಮಸೂರಕ್ಕೆ 5, ಒಟ್ಟು 16 ಸೆಂ.ಮೀ.

ಈಗ ನೋಡಿ, ಹೆಚ್ಚು ಅಂಕ ಕಳೆದುಕೊಳ್ಳುವ ಜಾಗ ಬಂತು. ಪುಸ್ತಕದಲ್ಲಿ ಇನ್ನೊಂದು ಸೂತ್ರವಿದೆ: M = (L/F) × (D/f). L ಅಂದರೆ ಕೊಳವೆಯ ಉದ್ದ ಅಂತ 16 ಹಾಕಿದರೆ M = 16 × 5 = 80. ಆದರೆ ನಮಗೆ ಸಿಕ್ಕಿದ್ದು 50. ಯಾವುದು ಸರಿ? 50 ಸರಿ. ಈ ಸೂತ್ರದ L ಮಸೂರದಿಂದ ಮಸೂರಕ್ಕೆ ಅಳೆದ ದೂರವಲ್ಲ. ವಸ್ತುಮಸೂರದ ಒಳಗಿನ ಸಂಗಮದಿಂದ ನೇತ್ರಮಸೂರದ ಒಳಗಿನ ಸಂಗಮಕ್ಕೆ ಇರುವ ದೂರ. 16ರಲ್ಲಿ 1 ಮತ್ತು 5 ಕಳೆಯಿರಿ, L = 10. ಆಗ M = 10 × 5 = 50, ಎರಡೂ ದಾರಿ ಒಂದೇ ಉತ್ತರಕ್ಕೆ ಬಂದವು. ಕೆಲವು ಲೆಕ್ಕಗಳಲ್ಲಿ L ಅನ್ನೇ ನೇರವಾಗಿ ಕೊಟ್ಟಿರುತ್ತಾರೆ, ಆಗ ಹಾಗೇ ಹಾಕಿ. "ಮಸೂರಗಳ ನಡುವಿನ ಅಂತರ" ಎಂದು ಕೊಟ್ಟಿದ್ದರೆ ಮಾತ್ರ ಹುಷಾರು. ಸೂತ್ರ ಬಿಟ್ಟು ನಡುವಿನ ಬಿಂಬ ಹುಡುಕಿದರೆ ಈ ಗೊಂದಲವೇ ಬರುವುದಿಲ್ಲ.

ಅದೇ ಉಪಕರಣದ ಕೊನೆಯ ಪ್ರತಿಬಿಂಬ 25 ಸೆಂ.ಮೀ.ನಲ್ಲಿ ಬೇಕು ಅಂದರೆ? ಕೊಳವೆ 16 ಸೆಂ.ಮೀ.ಗೆ ಗಟ್ಟಿಯಾಗಿದೆ, ಮಸೂರ ಸರಿಸುವಂತಿಲ್ಲ. ಈ ಸಲ ಕಣ್ಣಿನ ಕಡೆಯಿಂದ ಹಿಂದಕ್ಕೆ ಬನ್ನಿ. ಪಿಕ್ ಗ್ಲಾಸಿನ ಲೆಕ್ಕದಲ್ಲಿ ನೋಡಿದಂತೆ ನಡುವಿನ ಬಿಂಬ ನೇತ್ರಮಸೂರದಿಂದ 4.17 ಸೆಂ.ಮೀ.ನಲ್ಲಿ ಇರಬೇಕು. ಹಾಗಾದರೆ ವಸ್ತುಮಸೂರದಿಂದ ಅದು 16 − 4.17 = 11.83 ಸೆಂ.ಮೀ. ಈ v ಬರಬೇಕಾದರೆ ನಾರು 1.092 ಸೆಂ.ಮೀ.ನಲ್ಲಿ ಇರಬೇಕು. ವಸ್ತುಮಸೂರ ಈಗ 11.83/1.092 = 10.83 ಪಟ್ಟು ಮಾಡುತ್ತದೆ, ಪಿಕ್ ಗ್ಲಾಸು 6 ಪಟ್ಟು, ಒಟ್ಟು M = 65.

ನಾರು ಎಷ್ಟು ಸರಿಯಿತು ಗಮನಿಸಿದಿರಾ? 1.1ರಿಂದ 1.092 ಸೆಂ.ಮೀ.ಗೆ, ಅಂದರೆ 0.08 ಮಿ.ಮೀ. ಒಂದು ಕಾಗದದ ಹಾಳೆಯ ದಪ್ಪಕ್ಕಿಂತ ಹೆಚ್ಚಿಲ್ಲ. ಕೊನೆಯ ಪ್ರತಿಬಿಂಬ ಮಾತ್ರ ಅನಂತದಿಂದ 25 ಸೆಂ.ಮೀ.ಗೆ ಬಂದುಬಿಟ್ಟಿತು. ಲ್ಯಾಬಿನಲ್ಲಿ ದೊಡ್ಡ ತಿರುಪಿನ ಜೊತೆ ಇನ್ನೊಂದು ನಿಧಾನ ತಿರುಪು ಯಾಕಿದೆ ಎಂದು ಯಾರಾದರೂ ಕೇಳಿದರೆ ಈ ಲೆಕ್ಕ ತೋರಿಸಿ.

ದೂರದರ್ಶಕ: ಒಂಬತ್ತು ಮಿಲಿಮೀಟರ್ ಚಂದ್ರ

ಈಗ ನಮ್ಮ ಪಿವಿಸಿ ಪೈಪಿಗೆ ಬನ್ನಿ. +1.00 ನಂಬರಿನ ಗಾಜಿನ ಸಂಗಮದೂರ 100/1 = 100 ಸೆಂ.ಮೀ. ಅಂಗಡಿಯ ನಂಬರು ನಂಬುವ ಮೊದಲು ನೀವೇ ಅಳೆಯಿರಿ. ಕಿಟಕಿಯ ಎದುರಿನ ಗೋಡೆಯ ಮುಂದೆ ಗಾಜು ಹಿಡಿದು, ದೂರದ ಮರದ ಬಿಂಬ ಗೋಡೆಯ ಮೇಲೆ ಚೊಕ್ಕವಾಗಿ ಮೂಡುವ ತನಕ ಹಿಂದೆ ಮುಂದೆ ಮಾಡಿ. ಗಾಜಿನಿಂದ ಗೋಡೆಗೆ ಇರುವ ದೂರವೇ F.

ಚಂದ್ರ ಬಹಳ ದೂರ ಇರುವುದರಿಂದ ಅದರ ನಡುವಿನ ಬಿಂಬ ಸರಿಯಾಗಿ ಸಂಗಮದಲ್ಲೇ, 100 ಸೆಂ.ಮೀ.ನಲ್ಲಿ ನಿಲ್ಲುತ್ತದೆ. ಎಷ್ಟು ದೊಡ್ಡದು? ಚಂದ್ರನ ವ್ಯಾಸ ಸುಮಾರು 3,474 ಕಿ.ಮೀ., ಸರಾಸರಿ ದೂರ ಸುಮಾರು 3,84,400 ಕಿ.ಮೀ. ದೂರವು ವ್ಯಾಸದ ಸುಮಾರು 110 ಪಟ್ಟು. ಬಿಂಬಕ್ಕೂ ಅದೇ ಅನುಪಾತ: 100/110 = 0.9 ಸೆಂ.ಮೀ.

ಸ್ವಲ್ಪ ನಿಂತು ಯೋಚಿಸಿ. ಮೂರೂವರೆ ಸಾವಿರ ಕಿಲೋಮೀಟರಿನ ಚಂದ್ರ 9 ಮಿಲಿಮೀಟರ್ ಆಗಿದ್ದಾನೆ. ಇದಕ್ಕೆ ದೊಡ್ಡದು ಮಾಡುವುದು ಅನ್ನುತ್ತೇವಾ? ಸೂಕ್ಷ್ಮದರ್ಶಕದ ನಡುವಿನ ಬಿಂಬ ವಸ್ತುವಿಗಿಂತ ದೊಡ್ಡದು, ದೂರದರ್ಶಕದ್ದು ಕೋಟಿಗಟ್ಟಲೆ ಪಟ್ಟು ಚಿಕ್ಕದು. ಆದರೂ ದೂರದರ್ಶಕ ಗೆಲ್ಲುವುದು ಯಾಕೆಂದರೆ, ಬಿಂಬ ಚಿಕ್ಕದಾದರೂ ನಮ್ಮ ಕಣ್ಣಿನ ಹತ್ತಿರವೇ ಬಂದು ನಿಂತಿದೆ. ಅದನ್ನು ಪಿಕ್ ಗ್ಲಾಸಿನಿಂದ 5 ಸೆಂ.ಮೀ. ದೂರದಲ್ಲಿ ನೋಡಬಹುದು. ಬರಿಗಣ್ಣಿಗೆ ಚಂದ್ರ ಅರ್ಧ ಡಿಗ್ರಿಯಷ್ಟು, 25 ಸೆಂ.ಮೀ. ದೂರದಲ್ಲಿ ಹಿಡಿದ ಒಂದು ಸಾಸಿವೆ ಕಾಳಿನಷ್ಟು. ಪೈಪಿನಲ್ಲಿ ಅವನು ಹತ್ತು ಡಿಗ್ರಿ, ಅಷ್ಟೇ ದೂರದಲ್ಲಿ ಹಿಡಿದ ಲಿಂಬೆ ಹಣ್ಣಿನಷ್ಟು. ವರ್ಧನ ಸಾಮರ್ಥ್ಯ ಅಂದರೆ ಈ ಎರಡು ಕೋನಗಳ ಅನುಪಾತ, ಬಿಂಬದ ಗಾತ್ರದ ಅನುಪಾತ ಅಲ್ಲ.

ಬಿಂಬವನ್ನು 100 ಸೆಂ.ಮೀ. ಹಿಂದಿನಿಂದ, ವಸ್ತುಮಸೂರದ ಜಾಗದಿಂದ ನೋಡಿದರೆ ಅದು ಚಂದ್ರನಷ್ಟೇ ಕೋನ ಮಾಡುತ್ತದೆ. ನಾವು 5 ಸೆಂ.ಮೀ.ನಿಂದ ನೋಡುತ್ತೇವೆ. ಆದ್ದರಿಂದ

M = F/f = 100/5 = 20

ಉದ್ದ = F + f = 105 ಸೆಂ.ಮೀ.

ಸೂತ್ರ ಯಾಕೆ ಅದಲು ಬದಲಾಗಬಾರದು ಎಂಬುದೂ ಇಲ್ಲೇ ಇದೆ. ಚಂದ್ರನನ್ನು ನಾವು ಹತ್ತಿರ ತರಲಾರೆವು, ಹಾಗಾಗಿ ನಡುವಿನ ಬಿಂಬ ದೊಡ್ಡದಾಗಬೇಕಾದರೆ F ಉದ್ದವಾಗಬೇಕು. ಹತ್ತಿಯ ನಾರನ್ನು ಎಷ್ಟು ಬೇಕಾದರೂ ಹತ್ತಿರ ತರಬಹುದು, ಹಾಗಾಗಿ ಅಲ್ಲಿ F ಚಿಕ್ಕದಾದಷ್ಟೂ ಒಳ್ಳೆಯದು. ದೂರದರ್ಶಕದ ಲೆಕ್ಕದಲ್ಲಿ ಯಾರಿಗಾದರೂ M = 5/100 = 0.05 ಬಂದರೆ ನಾನು ನಗುತ್ತೇನೆ, ಆದರೆ ಅದು ಪೂರ್ತಿ ಸುಳ್ಳಲ್ಲ. ಪೈಪನ್ನು ತಿರುಗಿಸಿ ದೊಡ್ಡ ಗಾಜಿನ ಕಡೆಯಿಂದ ನೋಡಿದರೆ ಜಗತ್ತು 20 ಪಟ್ಟು ಚಿಕ್ಕದಾಗಿ ಕಾಣುತ್ತದೆ. ಅದು ತಲೆಕೆಳಗಾಗಿ ಹಿಡಿದ ದೂರದರ್ಶಕದ ಉತ್ತರ.

ಮಾಡುವವರಿಗೆ ಎರಡು ಮಾತು. ಚಸ್ಮಾದ ಒಂಟಿ ಗಾಜು ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆ ದೂರದಲ್ಲಿ ಸೇರಿಸುತ್ತದೆ, ಚಂದ್ರನ ಅಂಚಿಗೆ ನೇರಳೆ ಕೆಂಪು ಬಣ್ಣ ಮೆತ್ತಿಕೊಳ್ಳುತ್ತದೆ. ಗಾಜಿನ ಮುಂದೆ ಮಧ್ಯದಲ್ಲಿ 3 ಸೆಂ.ಮೀ. ತೂತಿರುವ ಕಪ್ಪು ರಟ್ಟು ಇಟ್ಟರೆ ಬಣ್ಣ ಬಹಳ ಕಡಿಮೆಯಾಗುತ್ತದೆ. ಇನ್ನು ಈ ಪೈಪನ್ನು ಯಾವ ಕಾರಣಕ್ಕೂ ಸೂರ್ಯನ ಕಡೆ ತಿರುಗಿಸಿ ನೋಡಬೇಡಿ. ಸೂರ್ಯನ ನಡುವಿನ ಬಿಂಬವೂ 9 ಮಿ.ಮೀ.ನದೇ, ಅಷ್ಟು ಸಣ್ಣ ಜಾಗದಲ್ಲಿ ಸೇರಿದ ಬಿಸಿಲು ಕಣ್ಣನ್ನು ಶಾಶ್ವತವಾಗಿ ಸುಡುತ್ತದೆ.

ನಾಲ್ಕೂವರೆ ಮಿಲಿಮೀಟರ್

ಆ ಹುಡುಗಿಯ ಮಾತಿಗೆ ಈಗ ಉತ್ತರ ಕೊಡಬಹುದು. 105 ಸೆಂ.ಮೀ. ಎಂಬ ಉದ್ದ ಬಂದದ್ದು ಕೊನೆಯ ಪ್ರತಿಬಿಂಬ ಅನಂತದಲ್ಲಿ ಇದೆ ಎಂದು ಹಿಡಿದಾಗ. ಅನಂತದಲ್ಲಿ ಇದ್ದದ್ದನ್ನು ನೋಡಬಲ್ಲ ಕಣ್ಣಿಗೆ ಅದು ಸರಿ. −2 ನಂಬರಿನ ಚಸ್ಮಾ ಹಾಕುವ ಕಣ್ಣು, ಚಸ್ಮಾ ಇಲ್ಲದಿದ್ದರೆ, 100/2 = 50 ಸೆಂ.ಮೀ. ವರೆಗೆ ಮಾತ್ರ ಸ್ಪಷ್ಟವಾಗಿ ನೋಡುತ್ತದೆ. ಅಂದರೆ ಕೊನೆಯ ಪ್ರತಿಬಿಂಬವನ್ನು 50 ಸೆಂ.ಮೀ.ಗೆ ತರಬೇಕು. v = −50 ಹಾಕಿ.

1/u = −1/50 − 1/5 = −11/50

u = −4.55 ಸೆಂ.ಮೀ. ನಡುವಿನ ಬಿಂಬ ಚಂದ್ರನದೇ, ಅದು 100 ಸೆಂ.ಮೀ.ನಲ್ಲೇ ನಿಂತಿದೆ, ಕದಲುವುದಿಲ್ಲ. ಪಿಕ್ ಗ್ಲಾಸು ಮಾತ್ರ 5ರ ಬದಲು 4.55 ಸೆಂ.ಮೀ. ದೂರಕ್ಕೆ ಬರಬೇಕು. ವ್ಯತ್ಯಾಸ ನಾಲ್ಕೂವರೆ ಮಿಲಿಮೀಟರ್. ಅವಳಿಗೂ ಚಂದ್ರನ ಕುಣಿಗೂ ನಡುವೆ ಇದ್ದದ್ದು ಇಷ್ಟೇ. ಅಷ್ಟೇ ಅಲ್ಲ, ಆಗ M = 100/4.55 = 22. ಚಸ್ಮಾ ತೆಗೆದು ನೋಡುವ ಅವಳಿಗೆ ಚಂದ್ರ ಇತರರಿಗಿಂತ ತುಸು ದೊಡ್ಡದಾಗಿಯೇ ಕಾಣಬೇಕು!

ಗುಡಿಯ ಕಳಸದ ಲೆಕ್ಕದಲ್ಲಿ ಕದಲುವುದು ನಡುವಿನ ಬಿಂಬ. 50 ಮೀಟರ್ ಅಂದರೆ 5000 ಸೆಂ.ಮೀ.

1/v = 1/100 − 1/5000 = 49/5000

v = 102 ಸೆಂ.ಮೀ. ಬಿಂಬ 2 ಸೆಂ.ಮೀ. ಹಿಂದೆ ಬಂತು, ಹಾಗಾಗಿ ಪಿಕ್ ಗ್ಲಾಸು 107 ಸೆಂ.ಮೀ.ಗೆ ಹೋಗಬೇಕು. ಅಂಟಿಸಿದ ಪೈಪಿನಲ್ಲಿ ಅದು 105ರಲ್ಲೇ ಕೂತಿತ್ತು. ಅದರ ಸಂಗಮದ ಮೇಲೆ ಇರಬೇಕಾದ ಬಿಂಬ ಸಂಗಮದ ಒಳಗೆ ಬಹಳ ಹತ್ತಿರ ಬಂದುಬಿಟ್ಟಿತ್ತು: ಬರೀ 3 ಸೆಂ.ಮೀ. ಕೊನೆಯ ಪ್ರತಿಬಿಂಬ 25 ಸೆಂ.ಮೀ.ಗಿಂತಲೂ ಹತ್ತಿರ, 7.5 ಸೆಂ.ಮೀ.ನಲ್ಲಿ. ಸಾಮಾನ್ಯ ಕಣ್ಣಿಗೆ ದಕ್ಕದ ದೂರ ಅದು.

ಲೆಕ್ಕ ಫಳಕದ ಮೇಲೆ ಮುಗಿದ ಮೇಲೆ ಹುಡುಗರೇ ಗರಗಸ ತಂದರು. ಪೈಪಿನ ಕಣ್ಣಿನ ಕಡೆಯ 10 ಸೆಂ.ಮೀ. ಕತ್ತರಿಸಿ ತೆಗೆದು, ರಟ್ಟು ಸುತ್ತಿ ಮಾಡಿದ 20 ಸೆಂ.ಮೀ. ಉದ್ದದ ಒಳಕೊಳವೆಗೆ ಪಿಕ್ ಗ್ಲಾಸು ಕೂರಿಸಿ, ಬಿಗಿಯಾಗಿ ಜಾರುವಂತೆ ಪೈಪಿನೊಳಗೆ ತೂರಿಸಿದರು. ಆ ಸಂಜೆ ಹುಡುಗಿ ಚಸ್ಮಾ ತೆಗೆದು ಜೇಬಿನಲ್ಲಿಟ್ಟು, ಕೊಳವೆಯನ್ನು ನಿಧಾನವಾಗಿ ಒಳಗೆ ಒತ್ತುತ್ತ ಹೋದಳು. ಒಂದು ಕಡೆ ಕೈ ನಿಂತಿತು. ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ. ಹಿಂದೆ ಸಾಲಿನಲ್ಲಿ ನಿಂತವರು "ಸಾಕ ಬಾರವಾ, ನಮಗೂ ನೋಡಾಕ ಬಿಡು" ಅಂತ ಗದ್ದಲ ಎಬ್ಬಿಸಿದರು. ಅವಳ ನಂತರ ನೋಡಿದವನಿಗೆ ಚಂದ್ರ ಮಸುಕು. "ಈಗ ನಿನ್ನ ಕಣ್ಣಾಗ ದೋಷ ಐತೇನೋ?" ಅಂದಳು.

ದೊಡ್ಡ ವೀಕ್ಷಣಾಲಯಗಳಲ್ಲಿ ಈ ಜಗಳವೇ ಇಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ, ತಮಿಳುನಾಡಿನ ಕಾವಲೂರಿನ ವೈನು ಬಪ್ಪು ದೂರದರ್ಶಕದಲ್ಲಿ ವಸ್ತುಮಸೂರದ ಬದಲು 2.34 ಮೀಟರ್ ಅಗಲದ ಕನ್ನಡಿ ಇದೆ, ಅದರ ಸಂಗಮದೂರ ಸುಮಾರು 7.6 ಮೀಟರ್. ಅಲ್ಲಿ ಖಗೋಳ ವಿಜ್ಞಾನಿಗಳು ಪಿಕ್ ಗ್ಲಾಸಿಗೆ ಕಣ್ಣಿಟ್ಟು ಕೂರುವುದಿಲ್ಲ. ಬೆಳಕು ನೇರವಾಗಿ ಕ್ಯಾಮೆರಾದ ಮೇಲೋ ಇನ್ನೊಂದು ಉಪಕರಣದ ಮೇಲೋ ಬೀಳುತ್ತದೆ. ಆ ಕನ್ನಡಿಯ ಸಂಗಮದಲ್ಲಿ ಚಂದ್ರನ ಬಿಂಬ ಎಷ್ಟು ದೊಡ್ಡದಿರುತ್ತದೆ? ನಿಮಗೆ ಈಗ ಬರುತ್ತದೆ: 760/110, ಸುಮಾರು 6.9 ಸೆಂ.ಮೀ. ಕಣ್ಣೇ ಇಲ್ಲದ ಮೇಲೆ "ಎಷ್ಟು ಪಟ್ಟು" ಎಂಬ ಪ್ರಶ್ನೆಗೂ ಅರ್ಥವಿಲ್ಲ, ಉಳಿಯುವುದು ಬಿಂಬ ಒಂದೇ.

ನೀವೇ ಮಾಡಿ ನೋಡಿ

1. ಅದೇ ಪಿಕ್ ಗ್ಲಾಸಿನ ಜೊತೆ +0.50 ನಂಬರಿನ ಗಾಜು ಹಾಕಿದರೆ ಚಂದ್ರನ ನಡುವಿನ ಬಿಂಬ ಎಷ್ಟು ದೊಡ್ಡದು? ಕಣ್ಣಿಗೆ ಆಯಾಸವಿಲ್ಲದಂತೆ ನೋಡುವಾಗ M ಎಷ್ಟು, ಉದ್ದ ಎಷ್ಟು?

2. ಒಂದು ಸೂಕ್ಷ್ಮದರ್ಶಕದಲ್ಲಿ F = 2 ಸೆಂ.ಮೀ., f = 5 ಸೆಂ.ಮೀ., ಮಸೂರಗಳ ನಡುವಿನ ಅಂತರ 17 ಸೆಂ.ಮೀ. ಕೊನೆಯ ಪ್ರತಿಬಿಂಬ ಅನಂತದಲ್ಲಿದೆ. ವಸ್ತು ಎಲ್ಲಿದೆ? M ಎಷ್ಟು? L ಬಳಸುವ ಸೂತ್ರದಿಂದಲೂ ಮಾಡಿ, ಉತ್ತರ ಹೊಂದುತ್ತದೆಯೇ ನೋಡಿ.

3. ನಮ್ಮ 105 ಸೆಂ.ಮೀ. ದೂರದರ್ಶಕದಿಂದ 20 ಮೀಟರ್ ದೂರದ ಗಿಡದ ಮೇಲಿನ ಹಕ್ಕಿಯನ್ನು ನೋಡಬೇಕು. ಒಳಕೊಳವೆಯನ್ನು ಎಷ್ಟು ಹೊರಗೆ ಎಳೆಯಬೇಕು?

ಉತ್ತರಗಳು: 1) ಸುಮಾರು 1.8 ಸೆಂ.ಮೀ., 40, 205 ಸೆಂ.ಮೀ. 2) ವಸ್ತುಮಸೂರದಿಂದ 2.4 ಸೆಂ.ಮೀ., 25; L = 10 ಸೆಂ.ಮೀ. 3) ಸುಮಾರು 5.3 ಸೆಂ.ಮೀ.